ಬೇಸಿಗೆಯಲ್ಲಿ ಕೊತ್ತಂಬರಿ ಬೇಗ ಹೂವಿಗೆ ಹೋಗುತ್ತಿದೆಯೇ? ಲಕ್ಷಣ ನೋಡಿ ಕಾರಣ ಹಿಡಿಯುವ ಬಗೆ, ಟ್ರೇಯಲ್ಲಿ ಸರದಿ ಬಿತ್ತನೆ

ಫೆಬ್ರವರಿ ಮುಗಿಯುತ್ತಿದ್ದಂತೆ ತಾರಸಿ ತೋಟದವರ ದೂರು ಶುರುವಾಗುತ್ತದೆ. ಡಿಸೆಂಬರ್‌ನಲ್ಲಿ ಎರಡು ತಿಂಗಳು ಸೊಪ್ಪು ಕೊಟ್ಟ ಅದೇ ಬೀಜ, ಅದೇ ಮಣ್ಣು, ಮಾರ್ಚ್‌ನಲ್ಲಿ ಬಿತ್ತಿದರೆ ಗೇಣುದ್ದ ಆಗುವ ಮೊದಲೇ ದಂಟು ಎದ್ದು ಬಿಳಿ ಹೂವು ತೋರಿಸುತ್ತದೆ. ಈ ಬರಹ ಬೆಂಗಳೂರು, ಮೈಸೂರು, ತುಮಕೂರಿನಂಥ ಊರುಗಳಲ್ಲಿ ಬೇಸಿಗೆ ಶುರುವಾದಾಗಿನಿಂದ ಜೂನ್ ಮಳೆ ಹಿಡಿಯುವವರೆಗೆ ತಾರಸಿ, ಬಾಲ್ಕನಿ, ಸಜ್ಜದ ಮೇಲೆ ಸೊಪ್ಪು ಬೆಳೆಯುವವರಿಗೆ. ದುಡ್ಡು ಖರ್ಚಿಲ್ಲದ ತಪಾಸಣೆ ಮೊದಲು, ಬೀಜ ಬದಲಿಸುವುದು, ಪರದೆ ಕಟ್ಟುವುದು ಆಮೇಲೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಕೊತ್ತಂಬರಿ ಹೂವಿಗೆ ಹೋಗುವುದನ್ನು ತಡೆಯಲು ಆಗುವುದಿಲ್ಲ, ಸ್ವಲ್ಪ ಮುಂದೂಡಬಹುದು ಅಷ್ಟೇ. ಆದ್ದರಿಂದ ಒಂದೇ ಗಿಡದಿಂದ ತಿಂಗಳುಗಟ್ಟಲೆ ಕೊಯ್ಯುವ ಆಸೆ ಬಿಟ್ಟು, ದಂಟು ಏಳುವ ಮೊದಲೇ ಕೊಯ್ದು, ಅಷ್ಟರಲ್ಲಿ ಮುಂದಿನ ಟ್ರೇ ಸಿದ್ಧವಾಗಿರುವಂತೆ ನೋಡಿಕೊಳ್ಳಬೇಕು.

ಲಕ್ಷಣ 1: ನಡುವಿನಿಂದ ದಂಟು ಎದ್ದಿದೆ, ಹೊಸ ಎಲೆ ಸಬ್ಬಸಿಗೆಯಂತೆ ಸೀಳಾಗಿದೆ

ಗಿಡದ ಬುಡ ನೋಡಿ. ಎಳೆಯ ಕೊತ್ತಂಬರಿಯಲ್ಲಿ ಎಲೆಗಳೆಲ್ಲ ಒಂದೇ ಕಡೆಯಿಂದ, ಮಣ್ಣಿಗೆ ಅಂಟಿದಂತೆ, ಸುತ್ತಲೂ ಹೊರಡುತ್ತವೆ. ನಡುವೆ ಕಾಂಡ ಅನ್ನುವಂಥದ್ದು ಇರುವುದೇ ಇಲ್ಲ. ಎಲೆ ಅಗಲ, ಅಂಚಿನಲ್ಲಿ ಹಲ್ಲುಹಲ್ಲಾಗಿ ಮೂರು ಭಾಗ. ಹೂವಿಗೆ ಹೊರಟ ಗಿಡದಲ್ಲಿ ನಡುವಿನಿಂದ ಗಟ್ಟಿಯಾದ, ಬೆರಳಲ್ಲಿ ಒತ್ತಿದರೆ ಬಾಗದ ದಂಟೊಂದು ಮೇಲೇಳುತ್ತದೆ. ಅದರ ಮೇಲೆ ಬರುವ ಎಲೆಗಳು ಒಂದಕ್ಕಿಂತ ಒಂದು ಸಣ್ಣ, ಕೊನೆಗೆ ದಾರದಷ್ಟು ತೆಳು. ಹೂವು ಕಾಣುವುದು ಇದಾದ ಮೇಲೆ. ಹೂವು ಕಂಡ ಮೇಲೆ ಎಚ್ಚೆತ್ತರೆ ತಡವಾಯಿತು. ಮೊದಲ ಸೀಳೆಲೆ ಕಂಡ ದಿನವೇ ಎಚ್ಚರಾಗಬೇಕು.

ಆ ಹೊತ್ತಿಗೆ ಗಿಡದ ತುದಿಯ ಮೊಗ್ಗು ಎಲೆ ಮಾಡುವ ಕೆಲಸ ಬಿಟ್ಟು ಹೂಗೊಂಚಲು ಮಾಡಲು ಶುರುಮಾಡಿಯಾಗಿದೆ. ಅದನ್ನು ಹಿಂದಕ್ಕೆ ತಿರುಗಿಸುವ ಗೊಬ್ಬರವಿಲ್ಲ, ಔಷಧಿಯಿಲ್ಲ. ದಂಟನ್ನು ಚಿವುಟಿದರೆ ಮತ್ತೆ ಸೊಪ್ಪು ಬರುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಚಿವುಟಿದ ಜಾಗದ ಕೆಳಗಿನಿಂದ ಪಕ್ಕದ ಕವಲು ಬರುವುದು ನಿಜ, ಆದರೆ ಆ ಕವಲಿನ ತುದಿಯಲ್ಲೂ ಹೂವೇ. ಸಿಗುವುದು ನಾಲ್ಕೈದು ದಿನದ ಸೀಳೆಲೆ, ಅಷ್ಟೇ.

ಈಗ ಮಾಡಬೇಕಾದದ್ದು ಎರಡರಲ್ಲಿ ಒಂದು. ಕೆಳಗಿನ ಅಗಲ ಎಲೆಗಳು ಇನ್ನೂ ಹಸಿರಾಗಿದ್ದರೆ ಇವತ್ತೇ ಬೇರು ಸಮೇತ ಕಿತ್ತು ಅಡುಗೆಮನೆಗೆ ಒಯ್ಯಿರಿ. ಹೂವು ಬಿಟ್ಟಾಗಿದ್ದರೆ ಟ್ರೇಯ ಒಂದು ಮೂಲೆಯಲ್ಲಿ ನಾಲ್ಕೈದು ಗಿಡ ಉಳಿಸಿ ಉಳಿದದ್ದನ್ನು ತೆಗೆಯಿರಿ. ಉಳಿಸಿದ ಗಿಡದಲ್ಲಿ ಕಟ್ಟುವ ಹಸಿರು ಕಾಳು ತುಂಬಾ ಘಮವಿರುತ್ತದೆ. ನಾಲ್ಕು ಕಾಳು ಜಜ್ಜಿ ತಿಳಿಸಾರಿಗೆ ಹಾಕಿ ನೋಡಿ. ಹೂವಿಗೆ ಜೇನುನೊಣವೂ ಬರುತ್ತದೆ. ಆ ಗಿಡದ ಒಣಗಿದ ಕಾಳನ್ನು ಮುಂದಿನ ಬಿತ್ತನೆಗೆ ಇಟ್ಟುಕೊಳ್ಳುವುದಾದರೆ, ಎಲ್ಲಕ್ಕಿಂತ ತಡವಾಗಿ ಹೂವಿಗೆ ಬಂದ ಗಿಡವನ್ನೇ ಆರಿಸಿ. ಬೇಗ ಹೂ ಬಿಟ್ಟದ್ದನ್ನು ಬೀಜಕ್ಕೆ ಇಟ್ಟರೆ, ಬೇಗ ಹೂ ಬಿಡುವ ಗುಣವನ್ನೇ ಆರಿಸಿ ಇಟ್ಟಂತೆ.

ಲಕ್ಷಣ 2: ಗಿಡ ಉದ್ದವಾಗಿದೆ, ಆದರೆ ಎಲೆ ಅಗಲವಾಗಿಯೇ ಇದೆ

ಇದನ್ನೂ ಹೂವಿಗೆ ಹೋಯಿತು ಎಂದುಕೊಂಡು ಕಿತ್ತು ಬಿಸಾಡುವವರಿದ್ದಾರೆ. ಅದು ಬೇರೆ, ಇದು ಬೇರೆ. ಬುಡದಲ್ಲಿ ಗಟ್ಟಿ ದಂಟಿಲ್ಲದೆ, ಎಲೆಯ ತೊಟ್ಟುಗಳೇ ಉದ್ದವಾಗಿ, ತಿಳಿಹಸಿರಾಗಿ, ಒಂದು ಕಡೆಗೆ ವಾಲಿದ್ದರೆ ಅದು ಬೆಳಕಿನ ಕೊರತೆ. ಬಿಸಿಲು ಜಾಸ್ತಿಯಾಯಿತೆಂದು ಟ್ರೇಯನ್ನು ಮೆಟ್ಟಿಲ ಕೆಳಗೋ ಅಡುಗೆಮನೆಯ ಕಿಟಕಿಯ ಒಳಬದಿಗೋ ಇಟ್ಟವರಲ್ಲಿ ಇದು ಸಾಮಾನ್ಯ. ಬೀಜವನ್ನು ತೀರಾ ದಟ್ಟವಾಗಿ ಉದುರಿಸಿದರೂ ಹೀಗೇ ಆಗುತ್ತದೆ, ಒಂದರ ನೆರಳಲ್ಲಿ ಇನ್ನೊಂದು ಬೆಳಕು ಹುಡುಕುತ್ತದೆ.

ಬೆಳಗಿನ ಮೂರು ನಾಲ್ಕು ಗಂಟೆ ನೇರ ಬಿಸಿಲು ಸಿಗುವ ಕಡೆ ಇಟ್ಟರೆ ಸರಿಹೋಗುತ್ತದೆ. ಆದರೆ ಒಳಗಿದ್ದದ್ದನ್ನು ಏಕ್ದಂ ಬಿಸಿಲಿಗೆ ತಂದರೆ ಎಲೆಯಂಚು ಸುಡುತ್ತದೆ. ಮೂರು ದಿನ ಒಂದೊಂದು ಗಂಟೆ ಹೆಚ್ಚಿಸುತ್ತ ಹೋಗಿ.

ಲಕ್ಷಣ 3: ಬಿತ್ತಿ ತಿಂಗಳೂ ಆಗಿಲ್ಲ, ಆಗಲೇ ದಂಟು

ಇಲ್ಲಿ ಕ್ಯಾಲೆಂಡರ್ ಬೇಕು. ಬಿತ್ತಿದ ದಿನವನ್ನು ಟ್ರೇಯ ಮೇಲೆ ಬರೆದಿಡದಿದ್ದರೆ ಕಾರಣ ಹಿಡಿಯುವುದು ಕಷ್ಟ. ಒಂದು ಮಾರ್ಕರ್, ಒಂದು ತುಂಡು ಟೇಪು ಸಾಕು. ಬೆಂಗಳೂರಿನ ಏಪ್ರಿಲ್‌ನಲ್ಲಿ ಮಧ್ಯಾಹ್ನದ ಸರಾಸರಿ ಉಷ್ಣತೆ 34 ಡಿಗ್ರಿ ಆಸುಪಾಸು. ಆ ಸೆಕೆಯಲ್ಲಿ ಐದಾರು ವಾರಕ್ಕೆ ದಂಟು ಎದ್ದರೆ ಅದು ದೋಷವೇ ಅಲ್ಲ, ಕಾಲದ ಗುಣ. ಮೂರು ನಾಲ್ಕು ವಾರದೊಳಗೇ ಎದ್ದರೆ ಮಾತ್ರ ಸೆಕೆಯ ಜೊತೆಗೆ ಇನ್ನೇನೋ ಗಿಡವನ್ನು ಹಿಂಸಿಸುತ್ತಿದೆ ಎಂದು ಅರ್ಥ. ಬದುಕಲು ಕಷ್ಟವಾದಾಗ ಬೇಗ ಬೀಜ ಕಟ್ಟಿ ಮುಗಿಸುವುದು ಈ ಗಿಡದ ಹಾದಿ.

ಕೊತ್ತಂಬರಿ ಹೂವಿಗೆ ಹೋಗಲು ಉದ್ದ ಹಗಲೂ ಕಾರಣ. ಆದರೆ ನಮ್ಮಲ್ಲಿ ಹಗಲಿನ ವ್ಯತ್ಯಾಸ ದೊಡ್ಡದಲ್ಲ. ಬೆಂಗಳೂರಲ್ಲಿ ಡಿಸೆಂಬರ್ ಕೊನೆಗೆ ಸುಮಾರು 11 ಗಂಟೆ 20 ನಿಮಿಷ, ಜೂನ್‌ನಲ್ಲಿ 13 ಗಂಟೆಗೆ ತುಸು ಕಡಿಮೆ. ಹಾಗಾಗಿ ಇಲ್ಲಿ ಮುಖ್ಯ ಆರೋಪಿ ಬಿಸಿಯೇ. ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡದವರು ಮಾತ್ರ ಲೆಕ್ಕ ಬದಲಿಸಬೇಕು: ಅಲ್ಲಿ ಜೂನ್‌ನ ಹಗಲು 15–16 ಗಂಟೆ ದಾಟುತ್ತದೆ, ಹವೆ ತಂಪಾಗಿದ್ದರೂ ಹಗಲೇ ಗಿಡವನ್ನು ಹೂವಿಗೆ ನೂಕುತ್ತದೆ. ಅವರಿಗೆ ಏಪ್ರಿಲ್ ಆರಂಭದ ಬಿತ್ತನೆ, ಮತ್ತೆ ಆಗಸ್ಟ್ ಕೊನೆಯದು ಒಳ್ಳೆಯದು.

ಮುಂದಿನ ತಪಾಸಣೆಗಳನ್ನು ಇದೇ ಕ್ರಮದಲ್ಲಿ ಮಾಡಿ.

*ಬೆರಳು ಹಾಕಿ ನೋಡಿ.* ಮಧ್ಯಾಹ್ನ ಎರಡು ಗಂಟೆಗೆ ಟ್ರೇಯ ಮಣ್ಣಿನೊಳಗೆ ಎರಡು ಬೆರಳು ಇಳಿಸಿ. ಕೈಗೆ ತಂಪೆನಿಸಿದರೆ ಸರಿ. ಬೆಚ್ಚಗೆ ಎನಿಸಿದರೆ ಮಣ್ಣು ಆಗಲೇ 35 ಡಿಗ್ರಿ ದಾಟಿದೆ ಅಂತಲೇ ತಿಳಿಯಬಹುದು, ಏಕೆಂದರೆ ನಮ್ಮ ಬೆರಳ ಚರ್ಮವೇ ಹೆಚ್ಚುಕಡಿಮೆ ಅಷ್ಟು ಬಿಸಿ ಇರುತ್ತದೆ. ಅಡುಗೆಗೆ ಬಳಸುವ ಥರ್ಮಾಮೀಟರ್ ಇದ್ದರೆ ನಿಖರವಾಗಿಯೇ ನೋಡಬಹುದು. ಕೊತ್ತಂಬರಿ ಬೇರಿಗೆ ಹಿತವಾದದ್ದು 20ರ ಆಸುಪಾಸು. 25 ದಾಟಿದಂತೆ ಅದಕ್ಕೆ ಅವಸರ ಶುರು.

*ಟ್ರೇ ಎತ್ತಿ ನೋಡಿ.* ಬೆಳಿಗ್ಗೆ ನೀರು ಹಾಕಿದ ತಕ್ಷಣ ಒಮ್ಮೆ ಎತ್ತಿ ತೂಕ ಮನಸ್ಸಿನಲ್ಲಿಟ್ಟುಕೊಳ್ಳಿ, ಸಂಜೆ ಮತ್ತೊಮ್ಮೆ ಎತ್ತಿ. ಸಂಜೆಗೆ ಕೈಗೆ ಗೊತ್ತಾಗುವಷ್ಟು ಹಗುರಾಗಿದ್ದರೆ ದಿನಕ್ಕೊಂದು ಸಲದ ನೀರು ಸಾಲದು. ಒಂದು ಸಲ ಪೂರ್ತಿ ಒಣಗಿ ಬಾಡಿದ ಟ್ರೇ, ಆಮೇಲೆ ನೀರು ಕುಡಿದು ಚೇತರಿಸಿಕೊಂಡಂತೆ ಕಂಡರೂ, ವಾರದೊಳಗೆ ದಂಟು ತೋರಿಸುವುದುಂಟು.

*ನೀರನ್ನೇ ಮುಟ್ಟಿ ನೋಡಿ.* ತಾರಸಿಯ ಕಪ್ಪು ಟ್ಯಾಂಕಿನಿಂದ, ಬಿಸಿಲಲ್ಲಿ ಬಿದ್ದಿದ್ದ ಪೈಪಿನಿಂದ, ಮಧ್ಯಾಹ್ನ ಮೊದಲು ಬರುವ ನೀರು ಕೈ ಹಿಂದೆಗೆದುಕೊಳ್ಳುವಷ್ಟು ಸುಡುತ್ತದೆ. ಅದನ್ನೇ ಸೊಪ್ಪಿಗೆ ಹಿಡಿದರೆ ಬೇರು ಬೆಂದಂತೆಯೇ. ನೀರು ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ. ಪೈಪಿನ ಮೊದಲ ಬಿಸಿನೀರು ಬಕೆಟ್ಟಿಗೆ.

*ಸಸಿ ಕಿತ್ತು ನೆಟ್ಟಿರಾ?* ಕೊತ್ತಂಬರಿ ಆಳಕ್ಕೆ ಒಂದೇ ತಾಯಿಬೇರು ಇಳಿಸುವ ಗಿಡ. ದಟ್ಟವಾಗಿ ಹುಟ್ಟಿದ್ದನ್ನು ಕಿತ್ತು ಇನ್ನೊಂದು ಕುಂಡಕ್ಕೆ ನೆಟ್ಟರೆ ಆ ಬೇರಿನ ತುದಿ ಹರಿಯುತ್ತದೆ, ಗಿಡ ನಿಂತರೂ ಬೇಗ ಹೂವಿಗೆ ಹೋಗುತ್ತದೆ. ನರ್ಸರಿಯಲ್ಲಿ ಪುಟ್ಟ ಕಪ್ಪಿನ ಸಸಿ ಕೊಂಡವರದ್ದೂ ಇದೇ ಕಥೆ. ಹೆಚ್ಚಾಗಿ ಹುಟ್ಟಿದ್ದನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ ಒಗ್ಗರಣೆಗೆ ಹಾಕಿ, ನೆಡಬೇಡಿ.

*ಬೀಜ ಎಲ್ಲಿಯದು?* ಇದು ಕೊನೆಯ ತಪಾಸಣೆ, ಏಕೆಂದರೆ ಬದಲಿಸಲು ದುಡ್ಡು ಬೇಕು. ದಿನಸಿ ಅಂಗಡಿಯ ಧನಿಯಾ ಚೆನ್ನಾಗಿಯೇ ಮೊಳೆಯುತ್ತದೆ. ಆದರೆ ಅದರಲ್ಲಿ ಬಹುಪಾಲು ರಾಜಸ್ಥಾನ, ಮಧ್ಯಪ್ರದೇಶ, ಗುಜರಾತಿನಲ್ಲಿ ಹಿಂಗಾರಿನಲ್ಲಿ ಕಾಳಿಗಾಗಿಯೇ ಬೆಳೆದದ್ದು; ಕೋಟಾ ಜಿಲ್ಲೆಯ ರಾಮಗಂಜ್ ಮಂಡಿ ಅದಕ್ಕೇ ಹೆಸರಾದ ಮಾರುಕಟ್ಟೆ. ಕಾಳಿಗೆ ಬೆಳೆಯುವ ತಳಿ ಬೇಗ ಹೂ ಬಿಟ್ಟು ಹೆಚ್ಚು ಕಾಳು ಕಟ್ಟಲಿ ಎಂದೇ ರೈತ ಬಯಸುತ್ತಾನೆ, ಅದರ ತಪ್ಪೇನಿಲ್ಲ. ಸೊಪ್ಪಿಗೆಂದೇ ಮಾಡಿದ ತಳಿಗಳು ಬೇರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಇಶಾ ತಡವಾಗಿ ಹೂ ಬಿಡುವ, ಒಂದಕ್ಕಿಂತ ಹೆಚ್ಚು ಸಲ ಕೊಯ್ಯಬಹುದಾದ ತಳಿ. ಪೊದೆಯಾಗಿ ಬೆಳೆಯುತ್ತದೆ, ಎಲೆ ಅಗಲ. ಘಮದ ವಿಷಯಕ್ಕೆ ಬಂದರೆ ನಾಟಿ ಕೊತ್ತಂಬರಿಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಚಳಿಗಾಲಕ್ಕೆ ನಾಟಿ, ಬೇಸಿಗೆಗೆ ತಡವಾಗಿ ಹೂ ಬಿಡುವುದು ಎಂದು ಹಂಚಿಕೊಳ್ಳುವುದು ಲೇಸು.

ಎಚ್ಚರಿಕೆ: ಪ್ಯಾಕೆಟ್ ಬೀಜ ಗುಲಾಬಿ, ನೀಲಿ ಅಥವಾ ಹಸಿರು ಬಣ್ಣ ಮೆತ್ತಿಕೊಂಡಿದ್ದರೆ ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿದ್ದಾರೆ. ಬಿತ್ತಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಉಳಿದದ್ದನ್ನು ಯಾವ ಕಾರಣಕ್ಕೂ ಧನಿಯಾ ಡಬ್ಬಿಗೆ ಸೇರಿಸಬೇಡಿ, ಕೋಳಿ ಪಾರಿವಾಳಕ್ಕೂ ಹಾಕಬೇಡಿ. ಮಕ್ಕಳಿರುವ ಮನೆಯಲ್ಲಿ ಪ್ಯಾಕೆಟ್ಟನ್ನು ಅಡುಗೆಮನೆಯಲ್ಲಿ ಇಡುವುದೇ ಬೇಡ.

ಒಂದು ತಾರಸಿಯ ಉದಾಹರಣೆ

ನಮ್ಮ ಬೀದಿಯ ಒಬ್ಬರು, ಮೂರನೇ ಮಹಡಿಯ ತಾರಸಿಯಲ್ಲಿ ಸೊಪ್ಪು ಬೆಳೆಯುವವರು, ಏಪ್ರಿಲ್ ಮಧ್ಯದಲ್ಲಿ ಕರೆದರು. "ನೋಡ್ರೀ ಅಕ್ಕಾ, ಮಾರ್ಚ್ ಕೊನೇಲಿ ಹಾಕಿದ್ದು, ಇನ್ನೂ ಒಂದು ಸಲಾನೂ ಕೊಯ್ದಿಲ್ಲ, ದಂಟು ಬಂದ್ಬಿಡ್ತು. ಬೀಜಾನೇ ಸರಿ ಇಲ್ಲ ಅನ್ಸುತ್ತೆ." ಎರಡು ಕಪ್ಪು ಪ್ಲಾಸ್ಟಿಕ್ ಟ್ರೇ, ಸಿಮೆಂಟ್ ನೆಲದ ಮೇಲೆ ನೇರವಾಗಿ, ಪಡುವಣ ಗೋಡೆಯ ಬುಡದಲ್ಲಿ. ಬೆಳಿಗ್ಗೆ ಹತ್ತರವರೆಗೆ ಪಕ್ಕದ ಮನೆಯ ನೆರಳು, ಆಮೇಲೆ ಸಂಜೆವರೆಗೆ ಬಿಸಿಲು. ಬೇಕಾದದ್ದರ ಪೂರ್ತಿ ಉಲ್ಟಾ.

ಬೆರಳು ಇಳಿಸಿದರೆ ಮಣ್ಣು ಬೆಚ್ಚಗೆ. ಟ್ರೇಯ ಅಂಚಿನ ಕಡೆ ಗಿಡಗಳು ನಡುವಿನವಕ್ಕಿಂತ ಮೊದಲು ದಂಟು ಎತ್ತಿದ್ದವು. ನನಗೆ ಸುಳಿವು ಕೊಟ್ಟದ್ದು ಇದೇ. ಬೀಜದ ದೋಷವಾಗಿದ್ದರೆ ಟ್ರೇ ತುಂಬ ಅಲ್ಲಲ್ಲಿ ಚೆದುರಿದಂತೆ ದಂಟು ಕಾಣಬೇಕಿತ್ತು. ಅಂಚಿನಲ್ಲೇ ಸಾಲುಗಟ್ಟಿದೆ ಎಂದರೆ ಅಂಚು ಕಾಯುತ್ತಿದೆ. ಒಂದು ಗಿಡ ಕಿತ್ತಾಗ ಬೇರು ಟ್ರೇಯ ತಳ ಮುಟ್ಟಿ ಅಡ್ಡಕ್ಕೆ ತಿರುಗಿ, ತುದಿ ಕಂದಾಗಿತ್ತು. ಸಿಮೆಂಟಿನ ಕಾವು ತಳದಿಂದ, ಬಿಸಿಲಿನ ಕಾವು ಬದಿಯಿಂದ.

ಎರಡೂ ಟ್ರೇಯ ಸೊಪ್ಪನ್ನು ಅವತ್ತೇ ಕಿತ್ತು ಚಟ್ನಿ ಮಾಡಿದರು. ಅದೇ ಪ್ಯಾಕೆಟ್ಟಿನ ಬೀಜವನ್ನೇ ಮತ್ತೆ ಬಿತ್ತಿಸಿದ್ದು ಬೇಕೆಂದೇ. ಬೀಜ ಬದಲಿಸಿಬಿಟ್ಟರೆ ಕಾರಣ ಯಾವುದೆಂದು ತಿಳಿಯುವುದಿಲ್ಲ. ಒಂದು ಟ್ರೇ ಹಳೆಯ ಜಾಗದಲ್ಲೇ. ಇನ್ನೊಂದನ್ನು ಮೂಡಣ ಗೋಡೆಯ ಪಕ್ಕಕ್ಕೆ ಒಯ್ದು, ನಾಲ್ಕು ಇಟ್ಟಿಗೆ ಮೇಲೆ ಕೂರಿಸಿ, ಹೊರಬದಿಗೆ ಹಳೆಯ ಬಿಳಿ ಪಂಚೆ ಸುತ್ತಿ, ಹನ್ನೊಂದರ ಮೇಲೆ ನೆರಳು ಪರದೆ ಬೀಳುವಂತೆ ಕಟ್ಟಿದರು. ಗೋಡೆ ಬದಿಯ ಹಳೆಯ ಟ್ರೇ ಮೇ ತಿಂಗಳಲ್ಲಿ ನಾಲ್ಕನೇ ವಾರ ಮುಗಿಯುವ ಮೊದಲೇ ಮತ್ತೆ ದಂಟು ಎತ್ತಿತು. ಜಾಗ ಬದಲಿಸಿದ್ದು ಐದನೇ ವಾರ ಕಳೆಯುವವರೆಗೆ ಅಗಲೆಲೆಯಲ್ಲೇ ಇತ್ತು. ಸಿಕ್ಕಿದ್ದು ಒಂದು ವಾರದ ಚಿಲ್ಲರೆ ಮಾತ್ರ. ಆದರೆ ಸೊಪ್ಪು ಗೇಣಿನಿಂದ ಗೇಣು ನಾಲ್ಕು ಬೆರಳಿಗೆ ಏರುವುದು ಆ ಒಂದು ವಾರದಲ್ಲೇ.

ಲಕ್ಷಣ 4: ಬೀಜ ಮೊಳೆಯುತ್ತಲೇ ಇಲ್ಲ, ಅಥವಾ ಅಲ್ಲೊಂದು ಇಲ್ಲೊಂದು ಹುಟ್ಟುತ್ತದೆ

ಸರದಿ ಬಿತ್ತನೆ ಕೈಕೊಡುವುದು ಹೆಚ್ಚಾಗಿ ಇಲ್ಲೇ. ಮಣ್ಣು 30 ಡಿಗ್ರಿ ದಾಟಿದರೆ ಕೊತ್ತಂಬರಿ ಮೊಳೆಯಲು ಹಿಂದೇಟು ಹಾಕುತ್ತದೆ. ಚಳಿಗಾಲದಲ್ಲಿ ಎಂಟು ಹತ್ತು ದಿನಕ್ಕೆ ಹುಟ್ಟುವುದು ಬೇಸಿಗೆಯ ಟ್ರೇಯಲ್ಲಿ ಎರಡು ವಾರವಾದರೂ ಕಾಣದಿರಬಹುದು.

ಮೊದಲು ಬೀಜ ಜೀವಂತವೇ ನೋಡಿ. ಇಪ್ಪತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮನೆಯೊಳಗೆ ನೀರಿನ ಮಡಕೆಯ ಪಕ್ಕ ಇಡಿ. ಹತ್ತು ದಿನದೊಳಗೆ ಹನ್ನೆರಡಾದರೂ ಮೊಳಕೆ ಒಡೆದರೆ ಬೀಜ ಸರಿ, ತೊಂದರೆ ನಿಮ್ಮ ಟ್ರೇಯ ಕಾವಿನದು. ಐದಾರು ಮಾತ್ರ ಒಡೆದರೆ ಬೀಜ ಹಳತು.

ಒಂದು ಧನಿಯಾ ಕಾಳೆಂದರೆ ಒಂದಕ್ಕೊಂದು ಅಂಟಿಕೊಂಡ ಎರಡು ಬೀಜ. ಒಣಗಿದ ಕಾಳನ್ನು ಚಪ್ಪಲಿಯಿಂದಲೋ ಲಟ್ಟಣಿಗೆಯಿಂದಲೋ ಹಗುರವಾಗಿ ಉಜ್ಜಿ ಎರಡು ಹೋಳು ಮಾಡಿದರೆ ನೀರು ಬೇಗ ಒಳಗೆ ಇಳಿಯುತ್ತದೆ. ಜೋರಾಗಿ ಒತ್ತಿದರೆ ಒಳಗಿನ ಬೀಜವೂ ಪುಡಿಯಾಗುತ್ತದೆ; ಹೋಳು ಇಡಿಯಾಗಿ, ಒಂದು ಬದಿ ಉಬ್ಬಿ ಇನ್ನೊಂದು ಬದಿ ಬಗ್ಗಿದಂತೆ ಕಾಣಬೇಕು. ಬೇಸಿಗೆಯಲ್ಲಿ ನಾನು ಹೋಳು ಮಾಡಿದ್ದನ್ನು ಒಂದು ರಾತ್ರಿ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮನೆಯ ತಂಪು ಮೂಲೆಯಲ್ಲಿ ಇಡುತ್ತೇನೆ. ದಿನಕ್ಕೊಮ್ಮೆ ಬಿಚ್ಚಿ ನೀರು ಚಿಮುಕಿಸುವುದು. ನಾಲ್ಕೈದನೇ ದಿನ ಅಲ್ಲಲ್ಲಿ ಬಿಳಿ ಮೊನೆ ಕಂಡ ತಕ್ಷಣ ಸಂಜೆ ಹೊತ್ತು ಬಿತ್ತಬೇಕು. ಮೊನೆ ಎಳ್ಳಿಗಿಂತ ಉದ್ದವಾದರೆ ಬಿತ್ತುವಾಗ ಮುರಿಯುತ್ತದೆ, ಮುರಿದದ್ದು ಹುಟ್ಟುವುದಿಲ್ಲ.

ಬಿತ್ತಿದ ಟ್ರೇಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ನೆರಳಲ್ಲಿ ಇಡಿ. ಮೊದಲ ಹಸಿರು ಕಂಡ ದಿನವೇ ಚೀಲ ತೆಗೆಯಬೇಕು. ಒಂದು ದಿನ ಮರೆತರೆ ಸಸಿಗಳು ನೂಲಿನಂತೆ ಬೆಳ್ಳಗೆ ಎದ್ದು ಅಡ್ಡ ಬೀಳುತ್ತವೆ.

ಟ್ರೇ ಹೇಗಿರಬೇಕು, ಎಷ್ಟು ಬಿತ್ತಬೇಕು

ನಾಲ್ಕು ಅಂಗುಲ ಆಳ ಬೇಸಿಗೆಗೆ ಕನಿಷ್ಠ. ಎರಡು ಅಂಗುಲದ ತಟ್ಟೆಯಲ್ಲಿ ಮೊಳಕೆ ಸೊಪ್ಪು ಬೆಳೆಯಬಹುದೇ ಹೊರತು ಗೇಣುದ್ದದ ಕೊತ್ತಂಬರಿ ಆಗುವುದಿಲ್ಲ. ನೀರು ಬೇಗ ಆರುತ್ತದೆ, ಬೇರು ಬೇಗ ತಳ ಮುಟ್ಟುತ್ತದೆ. ದ್ರಾಕ್ಷಿ ಬರುವ ಥರ್ಮಾಕೋಲ್ ಪೆಟ್ಟಿಗೆ ಸಿಕ್ಕರೆ ಅದೇ ನನ್ನ ಮೊದಲ ಆಯ್ಕೆ. ಬಿಳಿ ಬಣ್ಣ, ಕಾವು ಒಳಗೆ ಬಿಡುವುದಿಲ್ಲ, ಕಾಸೂ ಇಲ್ಲ. ತಳದಲ್ಲಿ ಪೆನ್ಸಿಲ್ ದಪ್ಪದ ಎಂಟು ಹತ್ತು ತೂತು ಕೊರೆಯಬೇಕು. ಬಿಸಿ ಕಂಬಿಯಿಂದ ಸುಟ್ಟು ತೂತು ಮಾಡಬೇಡಿ, ಆ ಹೊಗೆ ಒಳ್ಳೆಯದಲ್ಲ. ಸ್ಕ್ರೂಡ್ರೈವರ್ ಚುಚ್ಚಿದರೆ ಸಾಕು.

45 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಟ್ರೇ ಲೆಕ್ಕ ಹಿಡಿಯೋಣ. ಅದಕ್ಕೆ ಸುಮಾರು 12 ಲೀಟರ್ ಮಿಶ್ರಣ ಬೇಕು: ಅರ್ಧ ಭಾಗ ತೋಟದ ಮಣ್ಣು, ಕಾಲು ಭಾಗ ತೊಳೆದ ಕೋಕೋಪೀಟ್, ಕಾಲು ಭಾಗ ಚೆನ್ನಾಗಿ ಕಳಿತ ಎರೆಗೊಬ್ಬರ. ಬರೀ ಕೋಕೋಪೀಟಿನಲ್ಲಿ ಬೆಳೆದವರು ಮೂರನೇ ವಾರಕ್ಕೆ ಹಳದಿ ಎಲೆ ನೋಡುತ್ತಾರೆ, ಅದರಲ್ಲಿ ಗಿಡಕ್ಕೆ ತಿನ್ನಲು ಏನೂ ಇಲ್ಲ. ಸಾರಜನಕ ಸಾಲದೆ ಹಸಿದ ಗಿಡವೂ ಬೇಗ ಹೂವಿಗೆ ಹೋಗುತ್ತದೆ. ಹಸಿ ಸಗಣಿ ಮಾತ್ರ ಹಾಕಬೇಡಿ. ಹಸಿಯಾಗಿ ತಿನ್ನುವ ಸೊಪ್ಪಿಗೆ ಅದರಿಂದ ಹೊಟ್ಟೆಯ ರೋಗಾಣು ಅಂಟುತ್ತದೆ.

ಬೀಜ ಒಂದು ಟ್ರೇಗೆ ಒಂದು ಮಟ್ಟಸ ಟೇಬಲ್ ಚಮಚ, ಅಂದರೆ ಸುಮಾರು 5 ಗ್ರಾಂ ಇಡೀ ಕಾಳು. ಒಂದೇ ಸಲ ಕಿತ್ತು ಮುಗಿಸಲು ಈ ಲೆಕ್ಕ. ಎರಡು ಸಲ ಕೊಯ್ಯುವ ಯೋಚನೆಯಿದ್ದರೆ ಅರ್ಧ ಚಮಚ. ಅಡ್ಡ ಸಾಲಾಗಿ, ಸಾಲಿಗೆ ನಾಲ್ಕು ಬೆರಳು ಅಂತರ ಕೊಟ್ಟು ಉದುರಿಸಿ ಅರ್ಧ ಅಂಗುಲ ಮಣ್ಣು ಮುಚ್ಚಿ. ಚೆಲ್ಲಿ ಬಿತ್ತುವುದಕ್ಕಿಂತ ಸಾಲು ಒಳ್ಳೆಯದು. ನೀರನ್ನು ಎಲೆಗೆ ಬೀಳದಂತೆ ಸಾಲಿನ ನಡುವೆ ಬಿಡಬಹುದು, ದಂಟು ಎದ್ದದ್ದೂ ಬೇಗ ಕಣ್ಣಿಗೆ ಬೀಳುತ್ತದೆ.

ಈಗ ಸರದಿ. ಬೇಸಿಗೆಯಲ್ಲಿ ಬಿತ್ತಿದ ದಿನದಿಂದ ಕೊಯ್ಲಿಗೆ ಸುಮಾರು 35 ದಿನ ಎಂದುಕೊಳ್ಳಿ. ನಾಲ್ಕು ಟ್ರೇ ಇದ್ದು, ಒಂಬತ್ತು ದಿನಕ್ಕೊಂದು ಬಿತ್ತಿದರೆ, ಮೊದಲನೆಯದನ್ನು ಕಿತ್ತ ಮರುದಿನ ಅದು ಮತ್ತೆ ಬಿತ್ತನೆಗೆ ಖಾಲಿ ಇರುತ್ತದೆ. ಏಪ್ರಿಲ್ 1ಕ್ಕೆ ಮೊದಲ ಟ್ರೇ ಎಂದರೆ 10, 19, 28ಕ್ಕೆ ಉಳಿದ ಮೂರು. ಮೇ 6ಕ್ಕೆ ಮೊದಲನೆಯದರ ಕೊಯ್ಲು, 7ಕ್ಕೆ ಅದರಲ್ಲೇ ಮರುಬಿತ್ತನೆ. ದಿನ ಒಗ್ಗರಣೆಗೆ, ಆಗೊಮ್ಮೆ ಈಗೊಮ್ಮೆ ಚಟ್ನಿಗೆ ನಾಲ್ಕು ಜನರ ಮನೆಗೆ ಇದು ಸಾಕಾಗುತ್ತದೆ. ಬೀಜ ನೆನೆಹಾಕುವುದು ಬಿತ್ತನೆಗೆ ಐದು ದಿನ ಮೊದಲು ಎಂಬುದನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಸರದಿ ತಪ್ಪುವುದು ಈ ನೆನೆಹಾಕುವ ದಿನ ಮರೆಯುವುದರಿಂದಲೇ.

ಮರುಬಿತ್ತನೆಗೆ ಹಳೆಯ ಬೇರನ್ನೆಲ್ಲ ಕೈಯಿಂದ ಆರಿಸಿ ತೆಗೆದು, ಎರಡು ಹಿಡಿ ಎರೆಗೊಬ್ಬರ ಬೆರೆಸಿದರೆ ಸಾಕು. ಮೂರನೇ ಸುತ್ತಿನ ಮೇಲೆ ಆ ಮಣ್ಣನ್ನು ಬೇರೆ ಗಿಡದ ಕುಂಡಕ್ಕೆ ಹಾಕಿ, ಟ್ರೇಗೆ ಹೊಸ ಮಿಶ್ರಣ ತುಂಬಿ.

ಟ್ರೇಯ ಕೆಳಗೆ ತಟ್ಟೆ ಇಟ್ಟವರು ಅದರಲ್ಲಿ ನಿಂತ ನೀರನ್ನು ದಿನವೂ ಚೆಲ್ಲಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನಲ್ಲೇ. ಒದ್ದೆ ಮಣ್ಣಿನ ಟ್ರೇ ಹತ್ತು ಹನ್ನೆರಡು ಕಿಲೋ ತೂಗುತ್ತದೆ. ಬಿಸಿಲು ಹುಡುಕುತ್ತ ಅದನ್ನು ಪ್ಯಾರಾಪೆಟ್ ಗೋಡೆಯ ಮೇಲೆ ಇಡಬೇಡಿ. ಏಪ್ರಿಲ್ ಕೊನೆಯ ಗಾಳಿಮಳೆಗೆ ಕೆಳಗೆ ಬಿದ್ದರೆ ಯಾರ ತಲೆಯ ಮೇಲೋ ಹೇಳಲಾಗದು.

ಲಕ್ಷಣ 5: ಕೊಯ್ದ ಮೇಲೆ ಚಿಗುರುತ್ತಿಲ್ಲ

ಎಲ್ಲಿ ಕತ್ತರಿಸಿದಿರಿ ನೋಡಿ. ಹೊಸ ಎಲೆ ಬರುವುದು ಬುಡದ ನಡುವಿನ ಮೊಗ್ಗಿನಿಂದ. ಮಣ್ಣಿಗೆ ಸಮವಾಗಿ ಕತ್ತರಿ ಆಡಿಸಿದರೆ ಆ ಮೊಗ್ಗೇ ಹೋಯಿತು, ಆ ಗಿಡ ಮುಗಿಯಿತು. ಎರಡು ಬೆರಳಷ್ಟು ಬುಡ ಬಿಟ್ಟು ಕೊಯ್ಯಬೇಕು, ಅಥವಾ ಹೊರಗಿನ ಎಲೆಗಳನ್ನಷ್ಟೇ ಚಿವುಟಿ ನಡುವಿನ ಎಳೆಯ ಎರಡು ಮೂರು ಎಲೆ ಉಳಿಸಬೇಕು.

ಸರಿಯಾಗಿ ಬಿಟ್ಟೂ ಚಿಗುರದಿದ್ದರೆ ಕೊಯ್ದದ್ದು ತಡವಾಗಿದೆ. ನಡುವಿನ ಮೊಗ್ಗು ಆಗಲೇ ದಂಟಾಗಿತ್ತು. ಬೇಸಿಗೆಯಲ್ಲಿ ಎರಡನೇ ಕೊಯ್ಲು ಬೇಕೆಂದರೆ ಮೊದಲನೆಯದನ್ನು ನಾಲ್ಕನೇ ವಾರದ ಕೊನೆಗೇ, ಸೊಪ್ಪು ಇನ್ನೂ ಗಿಡ್ಡ ಎನಿಸುವಾಗಲೇ ಮಾಡಬೇಕು. ಕೊಯ್ದ ದಿನ ಒಂದು ಹಿಡಿ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಎರಡು ಮೂರು ದಿನ ನೆನೆಸಿ ಸೋಸಿದ ನೀರಿಗೆ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕಿ. ಎಲೆಗೆ ತಾಗದಿರಲಿ, ವಾಸನೆ ವಾರವಾದರೂ ಬಿಡುವುದಿಲ್ಲ. ಎರಡನೇ ಕೊಯ್ಲು ಹದಿನೈದು ಇಪ್ಪತ್ತು ದಿನಕ್ಕೆ ಸಿಗಬಹುದು, ಮೊದಲನೆಯದರ ಅರ್ಧದಷ್ಟು. ನವೆಂಬರ್‌ನಿಂದ ಜನವರಿಯವರೆಗೆ ಈ ಪದ್ಧತಿ ತುಂಬಾ ಚೆಂದ. ಏಪ್ರಿಲ್, ಮೇನಲ್ಲಿ ನಾನು ಅದರ ಗೋಜಿಗೆ ಹೋಗುವುದಿಲ್ಲ; ಮಾರುಕಟ್ಟೆಯ ಕಟ್ಟಿನಂತೆ ಬೇರು ಸಮೇತ ಕಿತ್ತು ಹೊಸದು ಬಿತ್ತುವುದೇ ಲಾಭ.

ಲಕ್ಷಣ 6: ಇದು ಹೂವಿನ ತೊಂದರೆಯಲ್ಲ, ಬೇರೆ ಏನೋ

ಎರಡೆಲೆಯ ಸಸಿಗಳು ಮಣ್ಣಿನ ಮಟ್ಟದಲ್ಲಿ ನೀರಾಗಿ ತೆಳ್ಳಗಾಗಿ ಗುಂಪುಗುಂಪಾಗಿ ಮಲಗಿದರೆ ಅದು ಸಸಿ ಕೊಳೆ. ಸಂಜೆಯ ನೀರು ನಿಲ್ಲಿಸಿ, ಬೆಳಿಗ್ಗೆ ಮಾತ್ರ ಹಾಕಿ, ಗಾಳಿಯಾಡುವ ಕಡೆ ಇಡಿ. ಬಿದ್ದ ಜಾಗದ ಮಣ್ಣನ್ನು ಸಸಿ ಸಮೇತ ತೆಗೆದು ಬಿಸಾಡಿ. ಎಲೆಯಡಿ ಹಸಿರು ಹೇನು ಮುತ್ತಿದ್ದರೆ ಬೆಳಿಗ್ಗೆ ನೀರು ಜೋರಾಗಿ ಚಿಮುಕಿಸಿ ಉದುರಿಸಿ. ಒಂದು ತಿಂಗಳಲ್ಲಿ ತಿಂದು ಮುಗಿಸುವ ಸೊಪ್ಪಿಗೆ ಅಂಗಡಿಯ ಕೀಟನಾಶಕ ಬೇಡವೇ ಬೇಡ. ಸಿಂಪಡಿಸಿ ಕಾಯಬೇಕಾದ ದಿನಗಳಷ್ಟು ಆಯುಷ್ಯ ಈ ಬೆಳೆಗೇ ಇಲ್ಲ. ಹೇನು ಹತೋಟಿಗೆ ಬಾರದಿದ್ದರೆ ಆ ಟ್ರೇ ಕಿತ್ತು ಹಾಕಿ, ಪಕ್ಕದ್ದಕ್ಕೆ ಹಬ್ಬುವ ಮೊದಲು.

ದಂಟಿನಲ್ಲಿ, ಎಲೆಯ ನರದಲ್ಲಿ ಗಂಟುಗಂಟಾಗಿ ಊದಿಕೊಂಡಿದ್ದರೆ, ಅಥವಾ ನೀರಿದ್ದೂ ಇಡೀ ಟ್ರೇ ಒಂದೆರಡು ದಿನದಲ್ಲಿ ಬಾಡಿ ಕಂದಾದರೆ, ಮನೆಯ ತಪಾಸಣೆ ಅಲ್ಲಿಗೆ ನಿಲ್ಲಲಿ. ಅದು ಬೀಜದ ಜೊತೆಗೋ ಮಣ್ಣಿನ ಜೊತೆಗೋ ಬಂದ ಶಿಲೀಂಧ್ರವಾಗಿರಬಹುದು. ಒಂದು ಗಿಡವನ್ನು ಬೇರು ಮಣ್ಣಿನ ಸಮೇತ ಕಾಗದದಲ್ಲಿ ಸುತ್ತಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಯ ಕಚೇರಿಗೋ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಒಯ್ದರೆ ದಾರಿಯಲ್ಲೇ ಬೆವತು ಕೊಳೆತು, ನೋಡುವವರಿಗೆ ಏನೂ ತಿಳಿಯುವುದಿಲ್ಲ. ಆ ಮಣ್ಣನ್ನು ಬೇರೆ ಟ್ರೇಗೆ ಬಳಸಬೇಡಿ, ಆ ಗಿಡದ ಕಾಳನ್ನೂ ಬೀಜಕ್ಕೆ ಇಡಬೇಡಿ.

ಯಾವಾಗ ಬಿತ್ತನೆಯನ್ನೇ ನಿಲ್ಲಿಸಬೇಕು

ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಮುಟ್ಟುತ್ತದೆ. ಅಲ್ಲಿ ಪರದೆ, ಇಟ್ಟಿಗೆ, ಥರ್ಮಾಕೋಲ್ ಎಲ್ಲ ಮಾಡಿದರೂ ಟ್ರೇಯ ಮಣ್ಣನ್ನು 30ರ ಕೆಳಗೆ ಇಳಿಸುವುದು ಕಷ್ಟ. ಎರಡು ಟ್ರೇ ಸಾಲಾಗಿ ಮೊಳೆಯದೆ ಹೋದರೆ ಬೀಜ ಉಳಿಸಿಕೊಂಡು ಮೊದಲ ಮಳೆಗೆ ಕಾಯುವುದೇ ಸರಿ. ಕರಾವಳಿಯವರಿಗೆ ಸಮಸ್ಯೆ ಮಳೆಗಾಲದಲ್ಲಿ: ಜೂನ್, ಜುಲೈನ ಜಡಿಮಳೆ ತೆರೆದ ಟ್ರೇಯ ಬೀಜವನ್ನೇ ತೊಳೆದುಕೊಂಡು ಹೋಗುತ್ತದೆ, ಸೂರಿನ ಕೆಳಗಿನ ಟ್ರೇಯೇ ಗತಿ.

ಆ ಖಾಲಿ ತಿಂಗಳುಗಳಿಗೆ ಒಂದು ಕುಂಡದಲ್ಲಿ ಕಾಡು ಕೊತ್ತಂಬರಿ ಇಟ್ಟುಕೊಳ್ಳಬಹುದು. ಉದ್ದನೆಯ ಎಲೆ, ಅಂಚಿನಲ್ಲಿ ಸಣ್ಣ ಮುಳ್ಳು. ಕೊತ್ತಂಬರಿಯದೇ ಘಮ, ಸ್ವಲ್ಪ ಖಡಕ್ಕು. ಅದು ಸೆಕೆ ತಡೆಯುತ್ತದೆ, ನೆರಳನ್ನೇ ಬಯಸುತ್ತದೆ. ಅದೂ ಹೂವಿಗೆ ಹೋಗುತ್ತದೆ, ಆದರೆ ಹೂದಂಟನ್ನು ಬುಡಕ್ಕೆ ಮುರಿದರೆ ಮತ್ತೆ ಎಲೆ ಬಿಡುತ್ತದೆ. ಎಲೆಯನ್ನು ಸಣ್ಣಗೆ ಹೆಚ್ಚಿ, ಸಾರು ಕುದಿಯುವಾಗಲೇ ಹಾಕಿ. ಮಾಮೂಲಿ ಕೊತ್ತಂಬರಿಯಂತೆ ಒಲೆ ಆರಿಸಿದ ಮೇಲೆ ಉದುರಿಸಿದರೆ ಮುಳ್ಳು ಗಂಟಲಿಗೆ ತಾಗುತ್ತದೆ.